ಸಹಾಯ ಬೇಕು: ಬ್ಯಾಂಕಾಕ್ ಹೋಟೆಲಿಗೆ ರೂಪಾಯಿಯಲ್ಲಿ ಕಟ್ಟಲೋ, ಬಾತ್‌ನಲ್ಲಿ ಕಟ್ಟಲೋ?

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನನ್ನು ಬ್ಯಾಂಕಾಕಿಗೆ ಕರೆದೊಯ್ಯುತ್ತಿದ್ದೇನೆ. ವಿಮಾನದ ಟಿಕೆಟ್ ಇಲ್ಲಿನ ಜಾಲತಾಣದಲ್ಲೇ ರೂಪಾಯಿಯಲ್ಲಿ ಆಯಿತು, ಅದರಲ್ಲಿ ಗೊಂದಲವಿಲ್ಲ. ತೊಡಕು ಹೋಟೆಲಿನದು. ಬಾಡಿಗೆ 12,000 ಬಾತ್. ಹಣ ಕಟ್ಟುವ ಪುಟ ಅದನ್ನೇ 32,900 ರೂಪಾಯಿ ಎಂದೂ ತೋರಿಸಿ, ಯಾವುದು ಬೇಕೆಂದು ಕೇಳುತ್ತಿದೆ.

ನನ್ನ ಕ್ರೆಡಿಟ್ ಕಾರ್ಡಿಗೆ ವಿದೇಶಿ ಕರೆನ್ಸಿ ಶುಲ್ಕ ಶೇ. 3.5, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಶೇ. 4.13. ಬಾತ್‌ಗೆ 2.60 ರೂಪಾಯಿಯಂತೆ ಹಿಡಿದರೆ 31,200, ಶುಲ್ಕ ಸೇರಿ ಸುಮಾರು 32,489. ಅಂದರೆ ಬಾತ್‌ನಲ್ಲೇ 400 ರೂಪಾಯಿ ಉಳಿತಾಯ. ಆದರೆ ದರ ನಿಗದಿಯಾಗುವುದು ಬುಕ್ ಮಾಡಿದ ದಿನವಲ್ಲ, ವ್ಯವಹಾರ ಕಾರ್ಡಿನ ಲೆಕ್ಕಕ್ಕೆ ಏರುವ ದಿನ. ಅಷ್ಟರಲ್ಲಿ ಅದು ಏರಲೂಬಹುದು.

ನಿಜವಾಗಿ ಕಾಡುತ್ತಿರುವುದು ಇನ್ನೊಂದು. ವ್ಯಾಪಾರಿ ವಿದೇಶದಲ್ಲಿ ನೋಂದಾಯಿತನಾಗಿದ್ದರೆ ರೂಪಾಯಿಯಲ್ಲಿ ಕಟ್ಟಿದರೂ ಕೆಲವು ಬ್ಯಾಂಕುಗಳು ಶೇ. 1 ಶುಲ್ಕ ಮತ್ತು ಜಿಎಸ್‌ಟಿ ಹಾಕುತ್ತವೆ. ಹಾಗಾದರೆ 32,900 ಹೋಗಿ 33,288 ಆಗುತ್ತದೆ. ಹಣ ಕಟ್ಟುವ ಮೊದಲೇ ವ್ಯಾಪಾರಿಯ ನೋಂದಣಿ ಯಾವ ದೇಶದ್ದೆಂದು ತಿಳಿಯುವುದು ಹೇಗೆ? ಇಂಥ ಬುಕಿಂಗನ್ನು ರೂಪಾಯಿಯಲ್ಲಿ ಮಾಡಿದವರು ತಮ್ಮ ಕಾರ್ಡ್ ಬಿಲ್ಲಿನಲ್ಲಿ ಆ ಶುಲ್ಕ ಬೇರೆ ಸಾಲಾಗಿ ಬಂದಿತ್ತೇ ಎಂದು ದಯವಿಟ್ಟು ನೋಡಿ ಹೇಳುವಿರಾ?