ವೇ ಪ್ರೋಟೀನ್: ಹೊಟ್ಟೆಯ ಕಥೆ ಬೇರೆ, ಮೊಡವೆಯ ಕಥೆ ಬೇರೆ

"ಅತ್ತೆ, ಜಿಮ್‌ಗೆ ಅಂತ ವೇ ಪ್ರೋಟೀನ್ ಶುರು ಮಾಡಿದೆ. ಒಂದು ಲೋಟ ಹಾಲಿಗೆ ಒಂದು ಸ್ಕೂಪ್. ಹೊಟ್ಟೆ ಉಬ್ಬರಿಸುತ್ತೆ, ಈಗ ಬೆನ್ನಲ್ಲಿ ಮೊಡವೆ ಕೂಡ. ಐಸೊಲೇಟ್ ತಗೊಂಡ್ರೆ ಎರಡೂ ಹೋಗುತ್ತಾ?"

ಐಸೊಲೇಟ್ ಅಂದರೆ ಇನ್ನಷ್ಟು ಸೋಸಿದ ವೇ. ಅದರಿಂದ ಹೊಟ್ಟೆ ಸರಿಹೋಗಬಹುದು ಕಣೋ, ಮೊಡವೆ ಹೋಗುತ್ತದೆ ಅಂತ ಹೇಳಲಾರೆ. ಎರಡಕ್ಕೂ ಕಾರಣ ಬೇರೆ ಬೇರೆ.

ಮೊದಲು ಹೊಟ್ಟೆ. ವೇ ಅಂದರೆ ಹಾಲಿನಿಂದಲೇ ತೆಗೆದ ಪ್ರೋಟೀನ್. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಕೆಲವರಿಗೆ ಪೂರ್ತಿ ಜೀರ್ಣವಾಗುವುದಿಲ್ಲ. ಅದು ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಗ್ಯಾಸ್ ಆಗುತ್ತದೆ. ಆದರೆ ಲೆಕ್ಕ ಹಾಕಿ ನೋಡು. ಸಾಮಾನ್ಯ ಕಾನ್ಸನ್‌ಟ್ರೇಟ್ ಪುಡಿಯ 30 ಗ್ರಾಂ ಸ್ಕೂಪ್‌ನಲ್ಲಿ ಲ್ಯಾಕ್ಟೋಸ್ ಸಾಮಾನ್ಯವಾಗಿ 2 ಗ್ರಾಂ ಆಸುಪಾಸು. ನೀನು ಬೆರೆಸುವ 250 ಮಿಲಿ ಹಾಲಿನಲ್ಲೇ ಸುಮಾರು 12 ಗ್ರಾಂ! ಬೈಸಿಕೊಳ್ಳುವುದು ಮಾತ್ರ ಪುಡಿ. ಹಾಗಾಗಿ ದುಬಾರಿ ಡಬ್ಬಿ ತರುವ ಮೊದಲು ಅದೇ ಪುಡಿಯನ್ನು ಒಂದು ವಾರ ನೀರಲ್ಲಿ ಕಲಸಿ, ನೊರೆ ಇಳಿದ ಮೇಲೆ ಕುಡಿ. ಆಗಲೂ ಉಬ್ಬರಿಸಿದರೆ ಲೇಬಲ್ ಓದು. ಸಾರ್ಬಿಟಾಲ್, ಮಾಲ್ಟಿಟಾಲ್ ಥರದ ಸಿಹಿಕಾರಕ, ಇನುಲಿನ್ ಅನ್ನುವ ನಾರಿನಂಶ ಇದ್ದರೆ ಅವೂ ಗ್ಯಾಸ್ ಮಾಡುತ್ತವೆ. ಅವೇನೂ ಇಲ್ಲದಿದ್ದರೆ ಐಸೊಲೇಟ್ ನೋಡಬಹುದು, ಅದರಲ್ಲಿ ಲ್ಯಾಕ್ಟೋಸ್ ತೀರಾ ಕಡಿಮೆ. ಹಾಲು ಕುಡಿದರೇ ಹೊಟ್ಟೆ ಕೆಡುವವರಿಗೆ, ಕರುಳು ಸೂಕ್ಷ್ಮ ಇರುವವರಿಗೆ ಈ ತೊಂದರೆ ಜಾಸ್ತಿ. ಕುಡಿದ ಕೆಲವೇ ಗಂಟೆಗಳಲ್ಲಿ ಗೊತ್ತಾಗುತ್ತದೆ.

ಮೊಡವೆ ಹಾಗಲ್ಲ, ಅದು ನಿಧಾನ. ವೇ ಕುಡಿದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಅದೂ, ಅದರ ಜೊತೆಗಾರ ಐಜಿಎಫ್-1 ಎಂಬ ಹಾರ್ಮೋನೂ ಚರ್ಮದ ಎಣ್ಣೆ ಗ್ರಂಥಿಗಳನ್ನು ಚುರುಕು ಮಾಡುತ್ತವೆ ಅನ್ನುವುದು ವೈದ್ಯರ ಅನುಮಾನ. ಇನ್ಸುಲಿನ್ ಏರಿಸುವುದು ಪ್ರೋಟೀನೇ, ಲ್ಯಾಕ್ಟೋಸ್ ತೆಗೆದರೂ ಅದು ಅಲ್ಲೇ ಇರುತ್ತದಲ್ವಾ? ಅದಕ್ಕೇ ಐಸೊಲೇಟ್ ಮೇಲೆ ನಂಬಿಕೆ ಇಡಬೇಡ ಅಂದಿದ್ದು. ಹಾಗಂತ ಪುರಾವೆ ಗಟ್ಟಿಯಾಗೇನೂ ಇಲ್ಲ. ವೇ ಬಿಟ್ಟ ಮೇಲೆ ಮೊಡವೆ ಇಳಿದ ಹುಡುಗರ ಬಗ್ಗೆ ವೈದ್ಯರು ಬರೆದಿದ್ದಾರೆ, ಆದರೆ ಕುಡಿದವರಿಗೆಲ್ಲ ಬರುವುದಿಲ್ಲ. ಹದಿಹರೆಯದವರು, ಎಣ್ಣೆ ಚರ್ಮದವರು, ಮೊದಲೇ ಮೊಡವೆ ಇದ್ದವರು ಇದನ್ನು ಗಮನಿಸುವ ಸಾಧ್ಯತೆ ಹೆಚ್ಚು. ಬೆನ್ನಿನದಕ್ಕೆ ಬೆವರಿದ ಬಿಗಿ ಬಟ್ಟೆಯೂ ಕಾರಣವಿರಬಹುದು, ಅದನ್ನು ಮರೆಯಬೇಡ.

ಪರೀಕ್ಷೆ ಮಾಡಬೇಕೆಂದರೆ ಬೆನ್ನಿನ ಫೋಟೋ ತೆಗೆದಿಟ್ಟುಕೊಂಡು ಎಂಟು ವಾರ ವೇ ನಿಲ್ಲಿಸು. ಚರ್ಮದೊಳಗೆ ಶುರುವಾದ ಮೊಡವೆ ಹೊರಗೆ ಕಾಣಲು ವಾರಗಳೇ ಹಿಡಿಯುತ್ತವೆ, ನಾಲ್ಕು ದಿನ ಬಿಟ್ಟು ತೀರ್ಪು ಕೊಡಬೇಡ. ಆ ಎಂಟು ವಾರ ಬೇರೇನೂ ಬದಲಾಯಿಸಬೇಡ, ಹೊಸ ಕ್ರೀಮೂ ಬೇಡ. ಇಳಿದರೆ ಮತ್ತೆ ಶುರು ಮಾಡಿ ನೋಡು. ವಾಪಸ್ ಬಂದರೆ ಆಗ ವೇ ಮೇಲೆ ಅನುಮಾನ ಪಡು.

ಇನ್ನೊಂದು. ಇದ್ದಕ್ಕಿದ್ದಂತೆ ಎದೆ, ಬೆನ್ನು ತುಂಬ ದೊಡ್ಡ ನೋವಿನ ಗಂಟುಗಳೆದ್ದರೆ ಡಬ್ಬಿಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು, ಚರ್ಮದ ಡಾಕ್ಟರಿಗೆ ಡಬ್ಬಿ ಸಮೇತ ತೋರಿಸು. ಕುಡಿದ ತಕ್ಷಣ ಮೈಯೆಲ್ಲಾ ದದ್ದು, ತುಟಿ ಊತ, ಉಸಿರು ಕಟ್ಟಿದ ಹಾಗೆ ಆದರೆ ಅದು ಹಾಲಿನ ಅಲರ್ಜಿ ಇರಬಹುದು, ನೇರ ಆಸ್ಪತ್ರೆಗೆ ಹೋಗು.