ಅಪ್‌ಡೇಟ್: ಸಣ್ಣ ಆರ್ಡರ್‌ಗಳ ಸೆಟಪ್ ಖರ್ಚಿನ ಲೆಕ್ಕ

ನಾನು ಕೇಳಿದ್ದು: "20 ಪೀಸಿನ ಆರ್ಡರ್‌ಗೂ 3,000 ಪೀಸಿನದಕ್ಕೂ ಪೀಸಿಗೆ ಒಂದೇ ಓವರ್‌ಹೆಡ್ ಹಾಕ್ತಿದ್ದೇವೆ. ಸರಿಯಾಗಿ ಹಂಚುವುದು ಹೇಗೆ?"

ಬಂದ ಸಲಹೆಗಳಲ್ಲಿ ಕೆಲಸ ಮಾಡಿದ್ದು, ಸೆಟಪ್‌ಗೆ ಅಂದರೆ ಯಂತ್ರವನ್ನು ಆರ್ಡರ್‌ಗೆ ಸಜ್ಜು ಮಾಡಲು ಹಿಡಿಯುವ ಗಂಟೆಯ ಲೆಕ್ಕದಲ್ಲಿ ಖರ್ಚು ಹಂಚುವುದು. ಸೆಟಪ್ ತಂಡದ ತಿಂಗಳ ಖರ್ಚು 90,000. ಮೊದಲು ಅದನ್ನು ತಿಂಗಳ 30,000 ಪೀಸಿಗೆ ಹಂಚಿ ಪೀಸಿಗೆ 3 ಹಾಕುತ್ತಿದ್ದೆವು. ಈಗ ತಂಡದ ಕೈಯಲ್ಲಿರುವ 150 ಗಂಟೆಗೆ ಭಾಗಿಸಿದೆವು, ಗಂಟೆಗೆ 600 ಬಂತು. ಡೈ ಬದಲಿಸಿ ಮೊದಲ ಪೀಸ್ ಪಾಸ್ ಆಗುವವರೆಗೆ ಎರಡೂ ಆರ್ಡರ್‌ಗೆ 2 ಗಂಟೆಯೇ ಬೇಕು, ಹಾಗಾಗಿ ಎರಡಕ್ಕೂ 1,200. ಮೊದಲು ಸಣ್ಣದಕ್ಕೆ ಬೀಳುತ್ತಿದ್ದದ್ದು ಬರೀ 60, ದೊಡ್ಡದಕ್ಕೆ 9,000! ದೊಡ್ಡ ಆರ್ಡರ್‌ಗಳಲ್ಲಿ ನಮ್ಮ ರೇಟ್ ಯಾಕೆ ಜಾಸ್ತಿಯಾಗಿ ಕಾಣುತ್ತಿತ್ತು ಅಂತ ಈಗ ಗೊತ್ತಾಯ್ತು, ಅಲ್ವಾ.

ಎಷ್ಟು ಸೆಟಪ್ ಆಯ್ತು ಅಂತ ಎಣಿಸುವ ಸಲಹೆ ನಮಗೆ ಹೊಂದಲಿಲ್ಲ. ಬಣ್ಣ ಬದಲಿಸಲು 20 ನಿಮಿಷ ಸಾಕು, ಡೈಗೆ 2 ಗಂಟೆ. ಎರಡನ್ನೂ ಒಂದೊಂದು ಅಂತ ಎಣಿಸಿದರೆ ಮತ್ತೆ ಅದೇ ತಾಪತ್ರಯ. ಯಾವ ಕೆಲಸಕ್ಕೆ ಶೇಕಡಾ ಎಷ್ಟು ಸಮಯ ಅಂತ ಕೆಲಸಗಾರರನ್ನು ಕೇಳುವುದೂ ನಡೆಯಲಿಲ್ಲ, ಎಲ್ಲರೂ ಸುಮ್ನೆ 100 ಮಾಡಿ ಕೊಡ್ತಾರೆ, ಖಾಲಿ ಸಮಯ ಅಂತ ಯಾರೂ ಬರೆಯುವುದಿಲ್ಲ. ಜಾಬ್ ಕಾರ್ಡಿನಲ್ಲಿ ಶುರು, ಮುಗಿದ ಸಮಯ ಬರೆಸಿದ ಮೇಲೆ ತಿಂಗಳಿಗೆ ಬಳಕೆಯಾಗುವುದು 120 ಗಂಟೆ ಮಾತ್ರ ಅಂತ ತಿಳಿಯಿತು.

ಉಳಿದ 30 ಗಂಟೆಯ 18,000 ಅನ್ನು ಯಾವ ಆರ್ಡರ್ ಮೇಲೂ ಹೇರಿಲ್ಲ, ಬೇರೆ ಸಾಲಿನಲ್ಲಿ ತೋರಿಸುತ್ತೇವೆ. 120ಕ್ಕೆ ಭಾಗಿಸಿದ್ದರೆ ಗಂಟೆಗೆ 750 ಆಗುತ್ತಿತ್ತು, ಕೆಲಸ ಕಡಿಮೆಯಾದಷ್ಟೂ ರೇಟ್ ಏರುತ್ತಿತ್ತು. ಕಟ್ಟಡದ ಬಾಡಿಗೆಯನ್ನು ಇದರಲ್ಲಿ ಸೇರಿಸಿಲ್ಲ, ಸೆಟಪ್ ಕಡಿಮೆಯಾದರೆ ಬಾಡಿಗೆಯೇನೂ ಇಳಿಯುವುದಿಲ್ಲವಲ್ಲ.