ಎಡಗಡೆ ಬಣ್ಣಗಳ ಕ್ರಮ ತಲೆಕೆಳಗಾಗಿದೆ, ಬಾರ್‌ಗಳ ಉದ್ದವೂ ಸಮ ಇಲ್ಲ. ಏನು ತಪ್ಪು?

ಬಿಡಿಹಾಳೆ
ಬೆಳಗಿನಿಂದ ಒಂದು ಸಮೀಕ್ಷೆಯ ಬಾರ್ ಚಾರ್ಟ್‌ನಲ್ಲೇ ಸಿಕ್ಕಿಕೊಂಡಿದ್ದೇನೆ. 12 ಹೇಳಿಕೆ, ಐದು ಉತ್ತರ: ಖಂಡಿತ ಒಪ್ಪುವುದಿಲ್ಲ, ಒಪ್ಪುವುದಿಲ್ಲ, ತಟಸ್ಥ, ಒಪ್ಪುತ್ತೇನೆ, ಸಂಪೂರ್ಣ ಒಪ್ಪುತ್ತೇನೆ. ಒಪ್ಪದವರು ಸೊನ್ನೆಯ ಎಡಕ್ಕೆ, ಒಪ್ಪಿದವರು ಬಲಕ್ಕೆ ಬರಲಿ ಎಂದು ಮೊದಲ ಎರಡನ್ನು ಮೈನಸ್ ಮಾಡಿದೆ. ಬಲಗಡೆ ಸರಿಯಾಗಿದೆ. ಎಡಗಡೆ ಮಾತ್ರ "ಖಂಡಿತ ಒಪ್ಪುವುದಿಲ್ಲ" ಸೊನ್ನೆಗೆ ಅಂಟಿಕೊಂಡು, "ಒಪ್ಪುವುದಿಲ್ಲ" ಆಚೆ ತುದಿಗೆ ಹೋಗಿದೆ. ತಟಸ್ಥ ಪೂರ್ತಿ ಬಲಗಡೆಯೇ ಕೂತಿದೆ. ಸಾಲದ್ದಕ್ಕೆ ಬಾರ್‌ಗಳ ಉದ್ದವೂ ಒಂದೇ ಇಲ್ಲ. ದಯವಿಟ್ಟು ಯಾರಾದರೂ ಹೇಳಿ.

ಸಾಲುಕಂಬ
ಫ್ಯಾಕ್ಟರ್ ಲೆವೆಲ್ ಕ್ರಮ ನೋಡಿ. ggplot2 ಕೊನೆಯ ಲೆವೆಲ್ ಅನ್ನು ಸೊನ್ನೆಯ ಪಕ್ಕ ಇಡುತ್ತದೆ, ಎರಡೂ ಕಡೆ. ಮೈನಸ್ ಮತ್ತು ಪ್ಲಸ್ ಭಾಗಗಳಿಗೆ ಬೇರೆ ಬೇರೆ `geom_col` ಬರೆದು, ಪ್ಲಸ್ ಭಾಗಕ್ಕೆ ಮಾತ್ರ ಇದನ್ನು ಕೊಡಿ:

```r
position = position_stack(reverse = TRUE)
```

ತಕ್ಕಡಿ
ಸಾಲುಕಂಬ, ನೀವು ಹೇಳಿದ್ದು ggplot2ಗೆ ಸರಿ. ಆದರೆ ಅಲ್ಲಿ ಸಹಜ ಕ್ರಮದಲ್ಲಿ ಲೆವೆಲ್ ಕೊಟ್ಟರೆ ಕೆಡುವುದು ಬಲಗಡೆ. ಇವರಿಗೆ ಕೆಟ್ಟಿರುವುದು ಎಡಗಡೆ. ಮೊದಲ ಸೀರೀಸ್ ಸೊನ್ನೆಯ ಪಕ್ಕ ಬರುವ ಸಾಧನ ಇದು, ಅಂದರೆ ಬಹುಶಃ ಎಕ್ಸೆಲ್. ಬಿಡಿಹಾಳೆ, ಯಾವುದರಲ್ಲಿ ಮಾಡುತ್ತಿದ್ದೀರಿ?

ಬಿಡಿಹಾಳೆ
ಎಕ್ಸೆಲ್ಲೇ. ಬೇರೆ ಯಾವುದರಲ್ಲಿ ಮಾಡುತ್ತಾರೆ?

ಸಾಲುಕಂಬ
ಅದನ್ನು ಮೊದಲೇ ಬರೆಯಬೇಕಿತ್ತು ಸರ್. ಉದ್ದ ಸಮ ಇಲ್ಲದಿರುವುದು ಶೇಕಡಾವಾರನ್ನು ರೌಂಡ್ ಮಾಡಿದ್ದರಿಂದ. `ROUND` ತೆಗೆದುಬಿಡಿ.

ನಕ್ಷೆಪ್ರಿಯ
ಇಷ್ಟೆಲ್ಲ ಏಕೆ? 1ರಿಂದ 5 ಅಂಕ ಕೊಟ್ಟು ಸರಾಸರಿ ತೆಗೆದರೆ ಹೇಳಿಕೆಗೆ ಒಂದೇ ಬಾರ್. ನೋಡುವವರಿಗೂ ಸುಲಭ.

ತಕ್ಕಡಿ
ಸರಾಸರಿ ಇಲ್ಲಿನ ಪ್ರಶ್ನೆಯಲ್ಲ. 3.3 ಎಂಬ ಸರಾಸರಿಯಿಂದ ಜನ ಎರಡು ಬಣವಾಗಿದ್ದಾರೋ ಮಧ್ಯದಲ್ಲೇ ಗುಂಪುಗೂಡಿದ್ದಾರೋ ತಿಳಿಯುವುದಿಲ್ಲ. ಅದು ಕಾಣಲಿ ಎಂದೇ ಈ ಚಾರ್ಟ್.

ಎಕ್ಸೆಲ್‌ನಲ್ಲಿ ಮೈನಸ್ ದಾರಿಯಲ್ಲೇ ಹೋಗುವುದಾದರೆ ತಟಸ್ಥವನ್ನು ಅರ್ಧರ್ಧ ಮಾಡಿ, Select Data ಒಳಗಿನ ಬಾಣಗಳಿಂದ ಸೀರೀಸ್‌ಗಳನ್ನು ಈ ಕ್ರಮಕ್ಕೆ ತನ್ನಿ: ತಟಸ್ಥ ಎಡ ಅರ್ಧ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ, ತಟಸ್ಥ ಬಲ ಅರ್ಧ, ಒಪ್ಪುತ್ತೇನೆ, ಸಂಪೂರ್ಣ ಒಪ್ಪುತ್ತೇನೆ. ಮೈನಸ್ ಚಿಹ್ನೆ ಮರೆಯಾಗಲು ನಂಬರ್ ಫಾರ್ಮ್ಯಾಟ್ `0.0;0.0`. ಹೇಳಿಕೆಗಳ ಹೆಸರು ಬಾರ್‌ಗಳ ಮೇಲೆ ಬೀಳದಂತೆ Label Position ಅನ್ನು Low ಮಾಡಿ. ಚಾರ್ಟ್ ಸರಿಯಾಗುತ್ತದೆ, ಆದರೆ ಲೆಜೆಂಡ್ ಈ ಹಿಂದುಮುಂದಾದ ಕ್ರಮದಲ್ಲೇ ಬರುತ್ತದೆ. 25 ಶೇಕಡಾ ತಟಸ್ಥಕ್ಕೆ ಎರಡು ಕಡೆ 12.5ರ ಲೇಬಲ್ ಬೀಳುತ್ತದೆ.

ಹಾಗಾಗಿ ನಾನು ಮೈನಸ್ ಮಾಡುವುದೇ ಇಲ್ಲ. ಮುಂದೆ ಒಂದು ಖಾಲಿ ಸೀರೀಸ್ ಇಟ್ಟು, ಅದರಿಂದ ಬಾರನ್ನು ತಳ್ಳುತ್ತೇನೆ. B, C, D ಕಾಲಂಗಳಲ್ಲಿ ಮೊದಲ ಮೂರು ಉತ್ತರಗಳಿದ್ದರೆ:

```
=80-(B2+C2+D2/2)
```

40 ಜನರಲ್ಲಿ 4, 6, 10, 14, 6 ಎಂದು ಉತ್ತರ ಬಂದಿದೆ ಎನ್ನಿ. ಶೇಕಡಾ 10, 15, 25, 35, 15. ಖಾಲಿ ಭಾಗ 80 − 37.5 = 42.5. ತಟಸ್ಥದ ಒಂದೇ ತುಂಡು, ಅದರ ನಟ್ಟನಡು ಸರಿಯಾಗಿ 80ರ ಮೇಲೆ. ಸೀರೀಸ್ ಕ್ರಮ ಖಾಲಿ, ನಂತರ ಐದು ಉತ್ತರ ಸಹಜವಾಗಿ. ಖಾಲಿಗೆ No fill ಕೊಟ್ಟು, ಲೆಜೆಂಡ್‌ನಲ್ಲಿ ಅದರ ಹೆಸರನ್ನಷ್ಟೇ ಆರಿಸಿ ಡಿಲೀಟ್ ಮಾಡಿ. ಆಕ್ಸಿಸ್ 0ರಿಂದ 160, Major unit 80 ಇಟ್ಟರೆ ಗ್ರಿಡ್‌ಲೈನ್ ನಡುಗೆರೆಯಾಗುತ್ತದೆ. ಆಕ್ಸಿಸ್ ಮೇಲಿನ ಅಂಕಿಗಳಿಗೆ ಈಗ ಅರ್ಥವಿಲ್ಲ, ಅವನ್ನು ತೆಗೆದು ತುಂಡುಗಳ ಮೇಲೇ ಶೇಕಡಾ ಬರೆಯಿರಿ. ಯಾವುದಾದರೂ ಹೇಳಿಕೆ ಒಂದು ಕಡೆಗೆ 80 ದಾಟಿದರೆ 80ರ ಬದಲು 100, 160ರ ಬದಲು 200.

ಬಿಡಿಹಾಳೆ
ಕ್ರಮ ಸರಿಹೋಯಿತು, ತುಂಬಾ ಧನ್ಯವಾದ. ಉದ್ದ ಮಾತ್ರ ಹಾಗೇ ಇದೆ. `ROUND` ಎಲ್ಲೂ ಇಲ್ಲ. 4ನೇ ಹೇಳಿಕೆಯ ಬಾರ್ ಎಲ್ಲಕ್ಕಿಂತ ಗಿಡ್ಡ.

ಸಾಲುಕಂಬ
ಸೆಲ್‌ನಲ್ಲಿ ಕಾಣದಿದ್ದರೂ ಎಲ್ಲೋ ರೌಂಡ್ ಆಗಿರುತ್ತದೆ. ಮೂಲ ಶೀಟ್ ನೋಡಿ.

ತಕ್ಕಡಿ
ಐದು ಅಂಕಿಗಳನ್ನು ಪೂರ್ಣಾಂಕ ಮಾಡಿದರೆ ಒಂದೊಂದರಲ್ಲಿ ಹೆಚ್ಚೆಂದರೆ 0.5 ವ್ಯತ್ಯಾಸ, ಒಟ್ಟು 2.5 ದಾಟಲಾರದು. ಅದು ಕಣ್ಣಿಗೆ ಹೊಡೆಯುವುದಿಲ್ಲ. ಬಿಡಿಹಾಳೆ, 4ನೇ ಸಾಲಿನ ಐದು ಶೇಕಡಾ ಕೂಡಿಸಿದರೆ ಎಷ್ಟು ಬರುತ್ತದೆ?

ಬಿಡಿಹಾಳೆ
85. ಕೆಲವರು ಆ ಹೇಳಿಕೆಯನ್ನು ಬಿಟ್ಟಿದ್ದಾರೆ. ಎಲ್ಲದಕ್ಕೂ 40ರಿಂದಲೇ ಭಾಗಿಸಿದ್ದೇನೆ.

ತಕ್ಕಡಿ
ಅಲ್ಲೇ ಇದೆ ತಪ್ಪು. ಉತ್ತರಿಸಿದವರು 34, ಭಾಗಿಸಿದ್ದು 40ರಿಂದ. ಆ ಹೇಳಿಕೆಯ ಕಾಲಂ E ಆದರೆ:

```
=COUNTIF(Data!E$2:E$41,1)/COUNT(Data!E$2:E$41)*100
```

`COUNT` ಖಾಲಿ ಸೆಲ್‌ಗಳನ್ನು ಎಣಿಸುವುದಿಲ್ಲ. ಹೇಳಿಕೆಯ ಪಕ್ಕದಲ್ಲಿ "34 ಉತ್ತರ" ಎಂದು ಬರೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಆರು ಜನ ಬಿಟ್ಟದ್ದು ಚಾರ್ಟಿನಿಂದಲೇ ಮಾಯವಾಗುತ್ತದೆ.

ಅಂಕಿಸಂಕಿ
ನಮ್ಮದರಲ್ಲಿ "ಗೊತ್ತಿಲ್ಲ" ಎಂಬ ಆರನೇ ಆಯ್ಕೆ ಇದೆ, ಕೋಡ್ 9. ಅಲ್ಲಿ `COUNT` ಸಾಲದು, 9 ಕೂಡ ಅಂಕಿಯೇ ಆದ್ದರಿಂದ ಅದನ್ನೂ ಎಣಿಸುತ್ತದೆ. `COUNTIFS(E$2:E$41,">=1",E$2:E$41,"<=5")` ಬೇಕು. ನಮ್ಮಲ್ಲಿ 60 ಹೇಳಿಕೆ, ಎಲ್ಲವೂ HH ಪ್ಯಾಕೇಜಿನ `likert` ಫಂಕ್ಷನ್ನಿನಿಂದ ಒಂದೇ ಸ್ಕ್ರಿಪ್ಟಿನಲ್ಲಿ ಬರುತ್ತವೆ. ನಡುಬಿಂದು ಬದಲಿಸಲು `ReferenceZero` ಒಂದನ್ನು ತಿದ್ದಿದರೆ ಆಯಿತು.

ಇನ್ನೊಂದು ಮಾತು. ತಟಸ್ಥವನ್ನು ಮಧ್ಯದಲ್ಲಿ ಇಡುವುದನ್ನು ನಾನು ಒಪ್ಪುವುದಿಲ್ಲ. ತಕ್ಕಡಿಯವರ ಉದಾಹರಣೆಯಲ್ಲಿ ಒಪ್ಪದವರು 25, ತಟಸ್ಥ 25, ಒಪ್ಪಿದವರು 50. ಇನ್ನೊಂದು ಹೇಳಿಕೆಯಲ್ಲಿ ಒಪ್ಪದವರು 35, ತಟಸ್ಥ 5, ಒಪ್ಪಿದವರು 60 ಎನ್ನಿ. ಎರಡೂ ಬಾರ್ ಎಡಕ್ಕೆ 37.5, ಬಲಕ್ಕೆ 62.5. ತುದಿಗಳನ್ನು ನೋಡಿದವರಿಗೆ ಎರಡೂ ಒಂದೇ. ಒಪ್ಪದವರಲ್ಲಿ 10 ಅಂಶದ ಅಂತರ ಇದ್ದೂ ಅದು ತಪ್ಪಿಹೋಯಿತು.

ತಕ್ಕಡಿ
ಲೆಕ್ಕ ಸರಿ. ಆದರೆ ಬಾರಿನ ಜಾಗ ಹೇಳುವುದೇ ಒಪ್ಪಿದವರಲ್ಲಿ ಒಪ್ಪದವರನ್ನು ಕಳೆದ ಅಂತರವನ್ನು. 50−25, 60−35, ಎರಡೂ 25. ಅದನ್ನೇ ತೋರಿಸಬೇಕಿದ್ದರೆ ಮಧ್ಯದ ತಟಸ್ಥವೇ ಸರಿಯಾದ ಚಾರ್ಟ್.

ಅಂಕಿಸಂಕಿ
ನೋಡುವವರು ಅಂತರ ಕಳೆಯುತ್ತಾ ಕೂರುವುದಿಲ್ಲ, "ಎಷ್ಟು ಜನ ಒಪ್ಪಲಿಲ್ಲ" ಎಂದು ಕೇಳುತ್ತಾರೆ. ಅದಕ್ಕೆ ಆ ತುಂಡು ನಡುಗೆರೆಯಿಂದಲೇ ಶುರುವಾಗಬೇಕು.

ಬಿಡಿಹಾಳೆ
ನನ್ನದರಲ್ಲಿ 2 ಮತ್ತು 9ನೇ ಹೇಳಿಕೆ ಹೀಗೇ ಒಂದರಂತೆ ಒಂದು ಕಾಣುತ್ತಿವೆ. ಎಕ್ಸೆಲ್‌ನಲ್ಲಿ ತಟಸ್ಥವನ್ನು ಹೊರಗಿಡುವುದು ಹೇಗೆ?

ತಕ್ಕಡಿ
ಎರಡು ಖಾಲಿ ಸೀರೀಸ್ ಬೇಕು. ಮೊದಲನೆಯದು 80ರಲ್ಲಿ ಒಪ್ಪದ ಎರಡನ್ನು ಕಳೆದದ್ದು. ಆಮೇಲೆ ನಾಲ್ಕು ಉತ್ತರ. ಎರಡನೆಯ ಖಾಲಿ 100ರಲ್ಲಿ ಒಪ್ಪಿದ ಎರಡನ್ನು ಕಳೆದದ್ದು. ಕೊನೆಗೆ ತಟಸ್ಥ. ಆಗ ಎಲ್ಲ ತಟಸ್ಥಗಳೂ 180ರಿಂದ ಶುರುವಾಗಿ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಆಕ್ಸಿಸ್ 240ಕ್ಕೆ ಏರಿಸಿ. ತಟಸ್ಥಕ್ಕೆ ಬೂದು ಬಣ್ಣ ಇರಲಿ, ಎರಡು ಬದಿಗೆ ಕಂದು ಮತ್ತು ನೀಲಿ. ಕೆಂಪು-ಹಸಿರು ಬೇಡ, ಅವೆರಡನ್ನು ಬೇರ್ಪಡಿಸಿ ಕಾಣಲಾಗದವರಿದ್ದಾರೆ.

ಬಿಡಿಹಾಳೆ
ಬಂತು! 2 ಮತ್ತು 9 ಈಗ ಬೇರೆಬೇರೆ ಕಾಣುತ್ತವೆ. ಆದರೆ ಬಾರ್‌ಗಳನ್ನು ಯಾವುದರ ಮೇಲೆ ಜೋಡಿಸಲಿ, ಒಪ್ಪಿದವರ ಮೊತ್ತದ ಮೇಲೋ ಅಂತರದ ಮೇಲೋ? ಎರಡರಲ್ಲಿ ಕ್ರಮ ಬೇರೆ ಬರುತ್ತಿದೆ.

ಅಂಕಿಸಂಕಿ
ಒಪ್ಪಿದವರ ಮೊತ್ತ.

ತಕ್ಕಡಿ
ಅಂತರ.